ಫೋರ್ಟ್ ಕೊಚ್ಚಿಗೆ ಕಾರಿನಲ್ಲೋ ಬೋಟಿನಲ್ಲೋ: ಟಿಕೆಟ್, ಸಾಲು ಮತ್ತು ಕೊನೆಯ ದೋಣಿ

ಡಿಸೆಂಬರ್ ಹತ್ತಿರವಾದಂತೆ ಕರಾವಳಿಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಮಂಗಳೂರಿನಿಂದ ಕಾರಿನಲ್ಲಿ ಕೊಚ್ಚಿಗೆ ಹೊರಟಿದ್ದೇವೆ, ಫೋರ್ಟ್ ಕೊಚ್ಚಿಗೆ ಹೋಗುವ ದೋಣಿಯಲ್ಲಿ ಕಾರು ಹಾಕಬಹುದಂತೆ, ಟಿಕೆಟ್ ಮುಂಗಡವಾಗಿ ಸಿಗುತ್ತದೆಯೇ, ಎಷ್ಟು ಹೊತ್ತು ಕಾಯಬೇಕು?

ಕಾರು ಹಾಕಬಹುದು. ಮುಂಗಡ ಬುಕಿಂಗ್ ಇಲ್ಲ, ಸಾಲಿನಲ್ಲಿ ನಿಂತವರಿಗೆ ಜಾಗ. ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮಾತ್ರ ನೀವೇ ದಡದಲ್ಲಿ ನಿಂತು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕ ಹೇಗೆಂದು ಮುಂದೆ ಹೇಳುತ್ತೇನೆ. ಆದರೆ ಲೆಕ್ಕಕ್ಕಿಂತ ಮೊದಲು ಒಂದು ತೀರ್ಮಾನವಿದೆ: ರಾತ್ರಿ ತಂಗುವುದು ಫೋರ್ಟ್ ಕೊಚ್ಚಿಯಲ್ಲೇ ಆದರೆ ಕಾರನ್ನು ದಾಟಿಸಿ. ಸಂಜೆ ನೋಡಿ ಮರಳುವವರಾದರೆ ಕಾರನ್ನು ಆಚೆ ದಡಕ್ಕೆ ಒಯ್ಯಲೇಬೇಡಿ.

1. ಯಾವ ದೋಣಿ ಯಾವುದು ಎಂದು ಮೊದಲು ತಿಳಿದುಕೊಳ್ಳಿ

ಗೊಂದಲದ ಮೂಲವೇ ಇದು. ಫೋರ್ಟ್ ಕೊಚ್ಚಿಗೆ ಸಾರ್ವಜನಿಕರನ್ನು ಒಯ್ಯುವ ದೋಣಿಗಳು ಮೂರು ಬಗೆಯವು. ಮೂರಕ್ಕೂ ಟಿಕೆಟ್ ಬೇರೆ, ಹೊರಡುವ ಜಾಗವೂ ಬೇರೆ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ.

ವಾಹನ ಒಯ್ಯುವುದು ರೋರೋ ಮಾತ್ರ. ವಾಹನಗಳು ತಮ್ಮ ಚಕ್ರದ ಮೇಲೆಯೇ ಹತ್ತಿ, ಹಾಗೆಯೇ ಇಳಿಯುವ ಚಪ್ಪಟೆ ಹಡಗಿಗೆ ಈ ಹೆಸರು. ನಮ್ಮ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಥಳೀಯರ ಬಾಯಲ್ಲಿ ಇದು ಇಂದಿಗೂ ‘ಜಂಕಾರ್’. ದಾರಿ ಕೇಳುವಾಗ ಈ ಪದವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವೈಪಿನ್ ದ್ವೀಪದ ತೆಂಕಣ ತುದಿಯಿಂದ ಫೋರ್ಟ್ ಕೊಚ್ಚಿಗೆ ಇದರ ಓಡಾಟ. 2018ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಸೇತುಸಾಗರ್ 1 ಮತ್ತು 2 ಎಂಬ ಜೋಡಿ ಹಡಗುಗಳು ಈ ದಾರಿಗಾಗಿಯೇ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದವು.

ಎರಡನೆಯದು ವಾಟರ್ ಮೆಟ್ರೋ: 2023ರ ಏಪ್ರಿಲ್‌ನಲ್ಲಿ ಆರಂಭವಾದ, ಹವಾನಿಯಂತ್ರಿತ, ಬ್ಯಾಟರಿಯ ದೋಣಿ. ಜನರಿಗೆ ಮಾತ್ರ, ಸ್ಕೂಟರಿಗೂ ಜಾಗವಿಲ್ಲ. ಫೋರ್ಟ್ ಕೊಚ್ಚಿಗೆ ಇದು ಎರ್ನಾಕುಲಂನ ಹೈಕೋರ್ಟ್ ನಿಲ್ದಾಣದಿಂದ ಹೊರಡುತ್ತದೆ. ಮೂರನೆಯದು ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ಬೋಟು. ಎರ್ನಾಕುಲಂನ ಮುಖ್ಯ ಬೋಟ್ ಜೆಟ್ಟಿಯಿಂದ ಹೊರಡುವ ಇದರ ಟಿಕೆಟ್ ಹತ್ತು ರೂಪಾಯಿಯೊಳಗೆ ಮುಗಿಯುತ್ತದೆ. ಗಾಳಿಗೆ ತೆರೆದ ಕಿಟಕಿ, ಮರದ ಬೆಂಚು, ಕೆಲಸಕ್ಕೆ ಹೊರಟ ಜನ. ನನ್ನನ್ನು ಕೇಳಿದರೆ ಕೊಚ್ಚಿಯ ಬಂದರನ್ನು ನೋಡಲು ಇದಕ್ಕಿಂತ ಒಳ್ಳೆಯ ಸೀಟು ಇಲ್ಲ.

ವೈಟ್ಟಿಲದಲ್ಲಿ ಬಸ್ ನಿಲ್ದಾಣ, ಮೆಟ್ರೋ ರೈಲು, ವಾಟರ್ ಮೆಟ್ರೋ ಮೂರೂ ಒಂದೇ ಕಡೆ ಇವೆ. ಅದನ್ನು ನೋಡಿದ ಬೆಂಗಳೂರಿನವರು ಅಲ್ಲಿಂದಲೇ ಫೋರ್ಟ್ ಕೊಚ್ಚಿಗೆ ದೋಣಿ ಹತ್ತಬಹುದೆಂದು ಭಾವಿಸಿ ಬಸ್ಸಿನಿಂದ ಇಳಿದುಬಿಡುತ್ತಾರೆ. ವೈಟ್ಟಿಲದ ದೋಣಿ ಹೋಗುವುದು ಕಾಕ್ಕನಾಡಿನ ಕಡೆಗೆ, ಅಂದರೆ ಸಮುದ್ರಕ್ಕೆ ಬೆನ್ನು ಹಾಕಿ. ಅಲ್ಲಿ ಇಳಿದವರು ಮೆಟ್ರೋ ರೈಲು ಹಿಡಿದು ಎಂ.ಜಿ. ರೋಡ್ ನಿಲ್ದಾಣಕ್ಕೆ ಬಂದು, ಹೈಕೋರ್ಟ್ ಜೆಟ್ಟಿಗೆ ಆಟೋ ಮಾಡಿಕೊಳ್ಳಬೇಕು.

2. ಗೋಶ್ರೀ ಜಂಕ್ಷನ್ನಿನಲ್ಲಿ ಕಾರು ನಿಧಾನಿಸಿ

ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವವರಿಗೆ ಒಂದು ಅನುಕೂಲವಿದೆ. ಕೊಡುಂಗಲ್ಲೂರು ದಾಟಿ ಪರವೂರಿಗೆ ಬಂದ ಮೇಲೆ ನೇರವಾಗಿ ಎಡಪ್ಪಳ್ಳಿಯ ವಾಹನದಟ್ಟಣೆಗೆ ನುಗ್ಗಬೇಕಾಗಿಲ್ಲ. ಬಲಕ್ಕೆ ಹೊರಳಿದರೆ ಚೆರಾಯಿ, ಅಲ್ಲಿಂದ ದ್ವೀಪದ ಉದ್ದಕ್ಕೂ ದಕ್ಷಿಣಕ್ಕೆ ಇಳಿದರೆ ವೈಪಿನ್ ಜೆಟ್ಟಿ. ರಸ್ತೆ ಕಿರಿದು, ಎರಡೂ ಬದಿ ಮನೆಗಳು, ಬಸ್ಸುಗಳ ಅವಸರ ಬೇರೆ. ಆದರೆ ದಾರಿ ತಪ್ಪುವ ಭಯವಿಲ್ಲ, ದ್ವೀಪವೇ ಅಷ್ಟು ತೆಳ್ಳಗಿದೆ.

ಜೆಟ್ಟಿಗೆ ತುಸು ಮೊದಲು ಎಡಕ್ಕೆ ಗೋಶ್ರೀ ಸೇತುವೆಗಳ ರಸ್ತೆ ಹೊರಳುತ್ತದೆ. ವೈಪಿನ್, ವಲ್ಲಾರ್‌ಪಾಡಂ, ಬೋಳ್ಗಾಟ್ಟಿ ದ್ವೀಪಗಳನ್ನು ಪೋಣಿಸಿ ಈ ಮೂರು ಸೇತುವೆಗಳು ಎರ್ನಾಕುಲಂನ ಹೈಕೋರ್ಟ್ ಬಳಿ ಇಳಿಯುತ್ತವೆ, ಅಂದರೆ ವಾಟರ್ ಮೆಟ್ರೋ ನಿಲ್ದಾಣದ ಹತ್ತಿರಕ್ಕೇ. ಹಾಗಾಗಿ ಈ ಜಂಕ್ಷನ್ ನಿಮ್ಮ ಕವಲು. ನೇರ ಹೋದರೆ ಕಾರಿನೊಂದಿಗೆ ಜಂಕಾರ್, ಎಡಕ್ಕೆ ಹೋದರೆ ಕಾರು ಎರ್ನಾಕುಲಂನಲ್ಲಿ ಉಳಿದು ನೀವು ಮಾತ್ರ ವಾಟರ್ ಮೆಟ್ರೋ.

ಜೆಟ್ಟಿಯ ಸಾಲಿನೊಳಗೆ ಒಮ್ಮೆ ಸೇರಿಕೊಂಡ ಮೇಲೆ ಹಿಂದಕ್ಕೆ ತಿರುಗಿಸುವುದು ಕಷ್ಟ. ಹಿಂದೆ ಕಾರುಗಳು, ಪಕ್ಕದಲ್ಲಿ ನುಸುಳುವ ಬೈಕುಗಳು. ಆದ್ದರಿಂದ ಜಂಕ್ಷನ್ ದಾಟಿದ ಮೇಲೆ ಸಾಲಿನ ಬಾಲ ಕಂಡ ಕೂಡಲೇ ಅದಕ್ಕೆ ಅಂಟಿಕೊಳ್ಳದೆ, ಅಡ್ಡಿಯಾಗದ ಕಡೆ ಕಾರು ನಿಲ್ಲಿಸಿ, ಒಬ್ಬರು ಇಳಿದು ಜೆಟ್ಟಿಯವರೆಗೆ ನಡೆದು ನೋಡಿ ಬನ್ನಿ.

3. ಸಾಲನ್ನು ಓದುವ ಲೆಕ್ಕ

ನಡೆದು ಹೋದವರು ಎರಡು ಸಂಗತಿ ನೋಡಿಕೊಂಡು ಬರಬೇಕು. ಮುಂದೆ ಎಷ್ಟು ಕಾರುಗಳಿವೆ? ಇಂದು ನೀರಿನಲ್ಲಿ ಎಷ್ಟು ಹಡಗುಗಳಿವೆ?

ಎರಡನೆಯ ಪ್ರಶ್ನೆಯೇ ಮುಖ್ಯ. ಸೇತುಸಾಗರ್ ಜೋಡಿಯಲ್ಲಿ ಒಂದು ದುರಸ್ತಿಗೆ ಹೋದರೆ ಇನ್ನೊಂದೇ ಇಡೀ ದಡವನ್ನು ಹೊರಬೇಕು. ಇದು ಅಪರೂಪವೇನಲ್ಲ. ಕಾಲುವೆ ಪೂರ್ತಿ ದಡದಿಂದಲೇ ಕಾಣುವುದರಿಂದ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ಈ ಕಡೆಯದು ಹೊರಟಾಗ ಆ ಕಡೆಯಿಂದಲೂ ಒಂದು ಹೊರಟರೆ ಎರಡೂ ಓಡುತ್ತಿವೆ ಎಂದು ಅರ್ಥ. ಹೋದ ಹಡಗೇ ಮರಳಿ ಬರುವ ತನಕ ದಡ ಖಾಲಿ ಇದ್ದರೆ ಒಂದೇ.

ಹಡಗಿನ ಸಾಮರ್ಥ್ಯ ನಾಲ್ಕು ಲಾರಿ, ಹನ್ನೆರಡು ಕಾರು, ಐವತ್ತು ಜನ ಎಂದು ಲೆಕ್ಕ. ಆದರೆ ಸಂದಿಗೊಂದಿಗಳಲ್ಲಿ ಬೈಕುಗಳು ತುಂಬಿಕೊಳ್ಳುವುದರಿಂದ, ಲಾರಿಯ ಬದಲು ಟೆಂಪೊ ಬಂದು ನಿಲ್ಲುವುದರಿಂದ, ನಾನು ಒಂದು ಸರತಿಗೆ ಹತ್ತು ಕಾರು ಎಂದಷ್ಟೇ ಹಿಡಿಯುತ್ತೇನೆ. ದಾಟುವುದು ಐದೇ ನಿಮಿಷವಾದರೂ ಇಳಿಸಿ, ಹತ್ತಿಸಿ, ಹೋಗಿ, ಮರಳಿ ಅದೇ ದಡದಿಂದ ಹೊರಡುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಎರಡು ಹಡಗುಗಳಿದ್ದರೆ ಹನ್ನೆರಡು ನಿಮಿಷಕ್ಕೊಂದು.

ಈಗ ಮುಂದೆ 35 ಕಾರುಗಳಿವೆ ಎನ್ನಿ. ನೀವು ನಾಲ್ಕನೆಯ ಸರತಿಯವರು. ಎರಡು ಹಡಗುಗಳಿದ್ದರೆ ಮುಕ್ಕಾಲು ಗಂಟೆಯ ಆಸುಪಾಸು. ಒಂದೇ ಇದ್ದರೆ ಒಂದೂವರೆ ಗಂಟೆ ದಾಟುತ್ತದೆ. ಹೋಲಿಕೆಗೆ, ಗೋಶ್ರೀ ಸೇತುವೆ ದಾಟಿ, ಎರ್ನಾಕುಲಂ, ವಿಲ್ಲಿಂಗ್ಡನ್ ದ್ವೀಪ, ತೋಪ್ಪುಂಪಡಿ ಸುತ್ತಿ ಫೋರ್ಟ್ ಕೊಚ್ಚಿಗೆ ಹೋಗುವ ರಸ್ತೆ ಹದಿನೈದು ಕಿಲೋಮೀಟರಿಗೂ ಹೆಚ್ಚು. ಸಂಜೆಯ ದಟ್ಟಣೆಯಲ್ಲಿ ಅದಕ್ಕೆ ಒಂದು ಗಂಟೆ ಬೇಕು. ಆದ್ದರಿಂದ ನನ್ನ ಗೆರೆ ಹೀಗೆ: ಎರಡು ಹಡಗುಗಳಿದ್ದರೆ ನಲವತ್ತು ಕಾರಿನವರೆಗೂ ಕಾಯಬಹುದು. ಒಂದೇ ಇದ್ದರೆ ಹದಿನೈದು ಕಾರು ಮೀರಿದ ಕೂಡಲೇ ಗೋಶ್ರೀ ಕಡೆಗೆ ತಿರುಗಿ.

ಈ ಲೆಕ್ಕವನ್ನು ಕೆಡಿಸುವ ಒಂದು ಸಂಗತಿ ನಿಮ್ಮ ಕೈಯಲ್ಲೂ ಇಲ್ಲ, ಹಡಗಿನವರ ಕೈಯಲ್ಲೂ ಇಲ್ಲ. ವೈಪಿನ್ ಮತ್ತು ಫೋರ್ಟ್ ಕೊಚ್ಚಿಯ ನಡುವಿನ ಈ ಸಣ್ಣ ನೀರಿನ ಪಟ್ಟಿಯೇ ಕೊಚ್ಚಿ ಬಂದರಿನ ಬಾಗಿಲು. ವಲ್ಲಾರ್‌ಪಾಡಂಗೆ ಕಂಟೇನರ್ ಹಡಗು ಬರುವಾಗ ಜಂಕಾರ್ ದಡದಲ್ಲೇ ನಿಂತು ದಾರಿ ಬಿಡಬೇಕು. ಎಲ್ಲವೂ ಹತ್ತಿಯಾದ ಮೇಲೆ ಹಡಗು ಹೊರಡದಿದ್ದರೆ ಗಾಬರಿ ಬೇಡ, ಪಶ್ಚಿಮಕ್ಕೆ ನೋಡಿ. ಮಳೆಗಾಲದಲ್ಲಿ ಹಿನ್ನೀರಿನಿಂದ ತೇಲಿ ಬರುವ ಜಲಕಳೆಯ ರಾಶಿಯೂ ಹೀಗೆಯೇ ತಡ ಮಾಡಿಸುತ್ತದೆ.

4. ಟಿಕೆಟ್ ಕೊಳ್ಳುವುದು, ಕಾರು ಹತ್ತಿಸುವುದು

ಜಂಕಾರ್ ಟಿಕೆಟ್ ಜೆಟ್ಟಿಯ ಕೌಂಟರಿನಲ್ಲಿ ಸಿಗುತ್ತದೆ. ಕಾರಿಗೆ, ಬೈಕಿಗೆ, ನಡೆದು ಬರುವವರಿಗೆ ಬೇರೆ ಬೇರೆ ದರ. ಸಾಲು ಮುಂದೆ ಸರಿಯುತ್ತಿರುವಾಗಲೇ ಒಬ್ಬರು ಇಳಿದು ಹೋಗಿ ಟಿಕೆಟ್ ತಂದುಬಿಡಬೇಕು. ಡ್ರೈವರ್ ಒಬ್ಬರೇ ಇರುವ ಕಾರಾದರೆ ಮಾತ್ರ ಸ್ವಲ್ಪ ಫಜೀತಿ. ಹಿಂದಿನ ಕಾರಿನವರಿಗೆ ಹೇಳಿ ಹೋಗುವುದು ವಾಡಿಕೆ. ಕೌಂಟರಿನಲ್ಲಿ ವಾಹನ ಯಾವುದು, ಜನ ಎಷ್ಟು ಎಂದು ಎರಡನ್ನೂ ಹೇಳಿ, ಕೊಟ್ಟ ಚೀಟಿಗಳನ್ನು ಎಣಿಸಿಕೊಳ್ಳಿ. ಚಿಲ್ಲರೆ ಇಟ್ಟುಕೊಳ್ಳಿ. ಐನೂರರ ನೋಟು ಹಿಡಿದು ಆ ಕಿಂಡಿಯ ಮುಂದೆ ನಿಂತರೆ ಹಿಂದಿನವರ ಮಲಯಾಳಂ ನಿಮಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಮೊದಲ ಬಾರಿಗೆ ಹತ್ತಿಸುವವರು ಎಡವುವುದು ಇಳಿಜಾರಿನಲ್ಲಿ, ಅಂದರೆ ದಡಕ್ಕೂ ಹಡಗಿಗೂ ನಡುವಿನ ಕಬ್ಬಿಣದ ಹಲಗೆಯಲ್ಲಿ. ಭರತ ಇಳಿತದ ಜೊತೆ ಹಡಗು ಏರಿಳಿಯುವುದರಿಂದ ಹಲಗೆಯ ಕೋನ ಗಂಟೆಗಂಟೆಗೂ ಬದಲಾಗುತ್ತದೆ. ನೆಲಕ್ಕೆ ಹತ್ತಿರವಿರುವ ಸೆಡಾನ್ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಹೊಟ್ಟೆ ಉಜ್ಜುವ ಸಾಧ್ಯತೆ ಇದೆ. ಹಲಗೆಯ ಮುಂಚೆಯೇ ಹಿಂದಿನ ಸೀಟಿನವರನ್ನು ಇಳಿಸಿಬಿಡಿ, ಅವರು ನಡೆದು ಹತ್ತಲಿ. ಮೊದಲ ಗೇರಿನಲ್ಲಿ ನಿಧಾನವಾಗಿ, ಆದರೆ ನಡುವೆ ನಿಲ್ಲಿಸದೆ ಏರಿ. ಮುಂದಿನ ಕಾರು ಪೂರ್ತಿ ಒಳಗೆ ಹೋಗುವ ತನಕ ನೀವು ಹಲಗೆಯ ಮೇಲೆ ಚಕ್ರ ಇಡಬೇಡಿ. ಮಳೆ ಬಿದ್ದ ಕಬ್ಬಿಣದ ಮೇಲೆ ಅರ್ಧ ಏರಿ ನಿಂತ ಕಾರು ಹಿಂದಕ್ಕೆ ಜಾರುತ್ತದೆ.

ಒಳಗೆ ಸಿಬ್ಬಂದಿ ಕೈ ತೋರಿದಲ್ಲಿಗೇ ಹೋಗಬೇಕು. ಭಾರ ಎರಡೂ ಬದಿಗೆ ಸಮನಾಗುವಂತೆ ಅವರು ಕೂರಿಸುತ್ತಾರೆ, ಆದ್ದರಿಂದ ಅಂಚಿನಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ ಎಂಬ ವಾದ ನಡೆಯುವುದಿಲ್ಲ. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕನ್ನಡಿ ಮಡಚಿ. ಬಾಗಿಲು ತೆರೆಯಲಾಗದಷ್ಟು ಒತ್ತೊತ್ತಾಗಿ ನಿಲ್ಲಿಸಿದ್ದರೆ ಡ್ರೈವರ್ ಕಡೆಯ ಕಿಟಕಿಯನ್ನಾದರೂ ಇಳಿಸಿಟ್ಟುಕೊಳ್ಳಿ.

5. ಕಾರು ಬಿಟ್ಟು ವಾಟರ್ ಮೆಟ್ರೋ ಹಿಡಿಯುವವರಿಗೆ

ಹೈಕೋರ್ಟ್ ಜೆಟ್ಟಿಯಲ್ಲಿ ಟಿಕೆಟ್ ಎಂದರೆ ಮೆಟ್ರೋ ರೈಲಿನಂತೆಯೇ ಒಂದು ಕ್ಯೂಆರ್ ಚೀಟಿ. ಆರಂಭದಲ್ಲಿ ಕನಿಷ್ಠ ದರ 20 ರೂಪಾಯಿ, ಗರಿಷ್ಠ 40 ರೂಪಾಯಿ ಎಂದು ನಿಗದಿಯಾಗಿತ್ತು. ಫೋರ್ಟ್ ಕೊಚ್ಚಿ ದೂರದ ದಾರಿಗಳಲ್ಲಿ ಒಂದು.

ಇಲ್ಲಿನ ಸಾಲಿನ ಸ್ವಭಾವವೇ ಬೇರೆ. ಒಂದು ದೋಣಿಗೆ ನೂರೇ ಜನ. ಬಾಗಿಲಲ್ಲಿ ಎಣಿಸುವ ಯಂತ್ರವಿದೆ, ನೂರಾದ ಮೇಲೆ ನೂರೊಂದನೆಯವರು ಮುಂದಿನ ದೋಣಿಗೆ. ‘ಹೇಗಾದರೂ ಹೊಂದಿಸಿಕೊಳ್ಳುತ್ತೇವೆ’ ಎಂಬ ನಮ್ಮ ಬಸ್ಸಿನ ಮಾತು ಇಲ್ಲಿ ಕೆಲಸಕ್ಕೆ ಬಾರದು. ಎಂಟು ಹತ್ತು ಜನರ ಗುಂಪಾದರೆ ಅರ್ಧ ಜನ ಈ ದೋಣಿ, ಅರ್ಧ ಜನ ಮುಂದಿನದು ಎಂದಾಗುವುದುಂಟು. ಇಳಿದ ಮೇಲೆ ಎಲ್ಲಿ ಸೇರುವುದೆಂದು ಮೊದಲೇ ಮಾತಾಡಿಕೊಂಡು, ಟಿಕೆಟ್‌ಗಳನ್ನು ಒಬ್ಬರ ಕೈಯಲ್ಲೇ ಇಡದೆ ಹಂಚಿಕೊಳ್ಳಿ.

ಈ ಬಿಗಿತದ ಬಗ್ಗೆ ಗೊಣಗುವವರು ಇದೇ ನೀರಿನ ಇತಿಹಾಸವನ್ನು ತಿಳಿದಿರಬೇಕು. 2015ರ ಆಗಸ್ಟ್ 26ರಂದು ವೈಪಿನ್‌ನಿಂದ ಹೊರಟ ಪ್ರಯಾಣಿಕರ ದೋಣಿಯೊಂದಕ್ಕೆ ಫೋರ್ಟ್ ಕೊಚ್ಚಿ ಜೆಟ್ಟಿಯ ಹತ್ತಿರವೇ ಮೀನುಗಾರಿಕೆಯ ದೋಣಿ ಬಡಿದು 11 ಜನ ಸತ್ತರು. ಮರೈನ್ ಡ್ರೈವ್ ದಡದಲ್ಲಿ ಖಾಸಗಿ ಬೋಟಿನವರು ‘ಈಗಲೇ ಹೊರಡುತ್ತದೆ’ ಎಂದು ಕರೆದಾಗ, ಆ ದೋಣಿಯಲ್ಲಿ ಎಷ್ಟು ಜನರಿಗೆ ಅನುಮತಿ ಎಂದು ಬರೆದಿದ್ದನ್ನು ಓದಿ, ಒಳಗಿನ ತಲೆ ಎಣಿಸಿ, ಲೈಫ್ ಜಾಕೆಟ್ ಕೇಳಿ. ಉತ್ತರ ಸರಿ ಬಾರದಿದ್ದರೆ ಇಳಿದುಬಿಡಿ.

ಹೈಕೋರ್ಟ್ ಕಡೆ ಸಾಲು ತೀರಾ ಉದ್ದವಾಗಿದ್ದರೆ ಮುಖ್ಯ ಬೋಟ್ ಜೆಟ್ಟಿಗೆ ಆಟೋದಲ್ಲಿ ಹೋಗಿ ಇಲಾಖೆಯ ಬೋಟು ಹಿಡಿಯಿರಿ. ಹೆಚ್ಚಿನ ಪ್ರವಾಸಿಗರಿಗೆ ಅದು ಇದೆಯೆಂದೇ ಗೊತ್ತಿಲ್ಲ. ಅರ್ಧ ಗಂಟೆಯೊಳಗೆ ದಾಟಿಸುತ್ತದೆ. ಅದು ಇಳಿಸುವುದು ಫೋರ್ಟ್ ಕೊಚ್ಚಿಯ ಕಸ್ಟಮ್ಸ್ ಜೆಟ್ಟಿಯಲ್ಲಿ. ಆ ಭಾಗದ ಹೆಸರು ಕಮಲಕಡವು. ದೋಣಿ ದಾಟುವ ಜಾಗಕ್ಕೆ ನಾವು ‘ಕಡವು’ ಎನ್ನುತ್ತೇವಲ್ಲ, ಮಲಯಾಳಂನಲ್ಲೂ ಅದೇ ಪದ. ವಾಟರ್ ಮೆಟ್ರೋ ನಿಲ್ದಾಣವೂ ಜಂಕಾರ್ ಜೆಟ್ಟಿಯೂ ಇರುವುದು ಇಲ್ಲಿಂದ ಪಶ್ಚಿಮಕ್ಕೆ, ಬಸ್ ನಿಲ್ದಾಣ ಮತ್ತು ಚೀನಾ ಬಲೆಗಳ ಹತ್ತಿರ. ಮರಳುವಾಗ ಆಟೋದವರಿಗೆ ಬರೀ ‘ಜೆಟ್ಟಿ’ ಎಂದರೆ ಸಾಲದು, ಯಾವ ಜೆಟ್ಟಿ ಎಂದು ಹೇಳಿ.

ಮಟ್ಟಾಂಚೇರಿಯನ್ನೂ ನೋಡುವವರಿಗೆ 2025ರ ಅಕ್ಟೋಬರ್‌ನಿಂದ ಅಲ್ಲಿಯೇ ವಾಟರ್ ಮೆಟ್ರೋ ನಿಲ್ದಾಣವಿದೆ. ಡಚ್ ಅರಮನೆ ಶುಕ್ರವಾರ, ಯಹೂದಿಗಳ ಸಿನಗಾಗ್ ಶನಿವಾರ ಮುಚ್ಚಿರುತ್ತವೆ. ಅದನ್ನು ನೋಡಿಕೊಂಡು ದಿನ ಆರಿಸಿ.

6. ಮರಳುವ ಸಾಲೇ ದೊಡ್ಡ ಸಾಲು

ಹೋಗುವಾಗ ಜನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಹರಡಿಕೊಂಡು ಹೋಗುತ್ತಾರೆ. ಬರುವಾಗ ಎಲ್ಲರೂ ಸೂರ್ಯ ಮುಳುಗಿದ ಮೇಲೆ ಒಟ್ಟಿಗೆ ಹೊರಡುತ್ತಾರೆ. ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಸ್ವಲ್ಪ ಆಚೆಗೆ. ಆರೂವರೆಗೆ ವಾಟರ್ ಮೆಟ್ರೋ ನಿಲ್ದಾಣದ ಮುಂದೆ ಕೆಲವು ನೂರು ಜನ ನಿಂತರೆ, ನೂರು ಜನರ ದೋಣಿಯ ಲೆಕ್ಕದಲ್ಲಿ ನೀವು ನಾಲ್ಕನೆಯದೋ ಐದನೆಯದೋ ದೋಣಿಗೆ. ಕೌಂಟರಿನವರು ಕೊನೆಯ ದೋಣಿಗಳಲ್ಲಿ ಉಳಿದ ಜಾಗವನ್ನು ನೋಡಿಕೊಂಡೇ ಟಿಕೆಟ್ ಕೊಡುತ್ತಾರೆ. ಜಾಗ ಮುಗಿದರೆ ಕೊನೆಯ ದೋಣಿಗೆ ಇನ್ನೂ ಹೊತ್ತಿದ್ದರೂ ಟಿಕೆಟ್ ಮುಗಿದಂತೆಯೇ.

ಆದ್ದರಿಂದ ಆಚೆ ದಡದಲ್ಲಿ ಇಳಿದ ಕೂಡಲೇ, ಬಲೆಗಳ ಕಡೆ ಓಡುವ ಮೊದಲು, ‘ಲಾಸ್ಟ್ ಬೋಟ್ ಎಪ್ಪೋಳಾಣ್’ ಎಂದು ಕೇಳಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದರ್ಥ. ಉತ್ತರ ಬಂದ ಮೇಲೆ ಅದಕ್ಕೂ ಒಂದೂವರೆ ಗಂಟೆ ಮೊದಲು ಸಾಲಿಗೆ ಬರುವಂತೆ ಲೆಕ್ಕ ಹಾಕಿಕೊಳ್ಳಿ. ಜಂಕಾರ್ ಬೆಳಗ್ಗೆ ಆರರ ಸುಮಾರಿಗೆ ಶುರುವಾಗಿ ರಾತ್ರಿ ಒಂಬತ್ತೂವರೆ, ಹತ್ತರವರೆಗೆ ಓಡುವುದರಿಂದ ವಾಟರ್ ಮೆಟ್ರೋ ತಪ್ಪಿದರೂ ನಡೆದು ಹತ್ತುವವರಿಗೆ ಅದು ಇದ್ದೇ ಇದೆ. ಅದು ಇಳಿಸುವುದು ವೈಪಿನ್‌ನಲ್ಲಿ, ಅಲ್ಲಿಂದ ಗೋಶ್ರೀ ಸೇತುವೆಗಳ ಮೇಲೆ ಹೈಕೋರ್ಟ್ ಕಡೆಗೆ ಬಸ್ಸು, ಆಟೋ ಸಿಗುತ್ತವೆ. ನಡೆದು ಹತ್ತುವವರಿಗೆ ಕಾರುಗಳ ಸಾಲು ಲೆಕ್ಕಕ್ಕೇ ಇಲ್ಲ. ಕಾರು ಎರ್ನಾಕುಲಂನಲ್ಲಿ ಬಿಟ್ಟು ಬಂದವರಿಗೆ ಸಿಗುವ ಲಾಭ ಇದೇ.

ಒಂದು ಸಂಸಾರದ ದಿನವನ್ನು ಇಟ್ಟು ನೋಡೋಣ. ಡಿಸೆಂಬರ್‌ನ ಒಂದು ಶನಿವಾರ, ಮಂಗಳೂರಿನಿಂದ ನಸುಕಿನ ಐದಕ್ಕೆ ಹೊರಟ ಐವರು, ಅವರಲ್ಲಿ ಇಬ್ಬರು ಹಿರಿಯರು. ಹೆದ್ದಾರಿ ಕಾಮಗಾರಿ, ಊಟ ಎಲ್ಲ ಸೇರಿ ಪರವೂರಿಗೆ ಮೂರೂವರೆ, ಗೋಶ್ರೀ ಜಂಕ್ಷನ್ನಿಗೆ ನಾಲ್ಕೂಮುಕ್ಕಾಲು. ಸೂರ್ಯಾಸ್ತಕ್ಕೆ ಹೋಗುವವರ ಸಾಲು ಆಗಲೇ ಉದ್ದವಾಗಿದೆ. ಮುಂದೆ ಮೂವತ್ತು ಕಾರು, ನೀರಿನಲ್ಲಿ ಒಂದೇ ಹಡಗು. ಅಂದರೆ ದಡ ದಾಟುವುದು ಆರೂವರೆಗೆ. ಫೋರ್ಟ್ ಕೊಚ್ಚಿಯಲ್ಲಿ ರೂಮು ಮಾಡಿದ್ದಾರೆ, ಹಾಗಾಗಿ ಕಾರು ಆಚೆಗೆ ಬೇಕೇ ಬೇಕು. ಇಂಥಲ್ಲಿ ನಾನಾದರೆ ಇಬ್ಬರು ಹಿರಿಯರನ್ನೂ ಜೊತೆಗೊಬ್ಬರನ್ನೂ ನಡೆದು ಹತ್ತುವವರ ಟಿಕೆಟಿನಲ್ಲಿ ಮುಂದಿನ ಜಂಕಾರಿಗೆ ಕಳಿಸಿ, ಕಾರನ್ನು ರಸ್ತೆ ಸುತ್ತಿಸಿ ತರುತ್ತೇನೆ. ಹಿರಿಯರು ಐದೂಕಾಲಕ್ಕೆ ಬಲೆಗಳ ಮುಂದೆ ಚಹಾ ಕುಡಿಯುತ್ತಿರುತ್ತಾರೆ. ಕಾರು ಆರಕ್ಕೆ ಬಂದು ಸೇರುತ್ತದೆ. ಭಾನುವಾರ ಮರಳುವಾಗ ಬೆಳಗ್ಗೆ ಏಳಕ್ಕೇ ಜಂಕಾರ್ ಜೆಟ್ಟಿಗೆ ಹೋದರೆ ಮೊದಲ ಎರಡು ಸರತಿಯೊಳಗೆ ಆಚೆ ದಡ.

ಇನ್ನು ಡಿಸೆಂಬರ್ 31. ಅಂದು ಕೊಚ್ಚಿನ್ ಕಾರ್ನಿವಲ್, ನಡುರಾತ್ರಿ ಪಾಪ್ಪಾಂಞಿ ಎಂಬ ದೊಡ್ಡ ಬೊಂಬೆಯನ್ನು ಸುಡುತ್ತಾರೆ. ಆ ದಿನ ಪೊಲೀಸರು ವಾಹನಗಳನ್ನು ಮೊದಲೇ ತಡೆದು ನಿಲ್ಲಿಸುವುದರಿಂದ ಮೇಲೆ ಬರೆದ ಯಾವ ಲೆಕ್ಕವೂ ನಡೆಯುವುದಿಲ್ಲ. ನೋಡಲೇಬೇಕು ಎನ್ನುವವರು ಹಿಂದಿನ ದಿನವೇ ಫೋರ್ಟ್ ಕೊಚ್ಚಿಗೆ ಹೋಗಿ ಇಳಿದುಕೊಂಡು, ಜನವರಿ 1ರ ಮಧ್ಯಾಹ್ನದವರೆಗೆ ಕಾರಿನ ಕೀಲಿ ಮುಟ್ಟಬೇಡಿ.